ಒರೆಸದೆ ಬಿಟ್ಟ ಗಂಧ

ಬೆಳ್ತಂಗಡಿಯ ನಮ್ಮ ಆಸ್ಪತ್ರೆಯಲ್ಲಿ ಗುರುವಾರ ಊಟದ ಹೊತ್ತು ಕಳೆದ ಮೇಲೆ ಡಾಕ್ಟರುಗಳ ಸಭೆ. ವಾರದಲ್ಲಿ ಕಷ್ಟ ಕೊಟ್ಟ ಕೇಸೊಂದನ್ನು ಕಿರಿಯ ಡಾಕ್ಟರೊಬ್ಬರು ಪರದೆಯ ಮೇಲೆ ಸ್ಲೈಡು ಹಾಕಿ ವಿವರಿಸುತ್ತಾರೆ, ಹಿರಿಯರು ಪ್ರಶ್ನೆ ಕೇಳಿ ಬೆವರಿಳಿಸುತ್ತಾರೆ, ಕೊನೆಗೆ ಚಹಾ ಬಿಸ್ಕೂತು. ಎಲ್ಲರೂ ಅಲ್ಲಿ ಹೋಗಿ ಕುಳಿತರೆ ವಾರ್ಡಿನಲ್ಲಿ ಡ್ರಿಪ್ ಬದಲಿಸುವವರು ಯಾರು? ನನ್ನಂಥವರು. ನಾನು ಕಾಂತಿ, ಮೆಡಿಕಲ್ ವಾರ್ಡಿನ ಹೆಡ್ ಸಿಸ್ಟರ್. ಆ ಸಭೆಗೆ ನಾನು ಹೋದದ್ದು ಬಹಳ ಕಡಿಮೆ. ಆದರೂ ಅಲ್ಲಿ ಏನು ತೀರ್ಮಾನವಾಯಿತೆಂದು ನನಗೆ ತಿಳಿಯುತ್ತಿತ್ತು, ಯಾಕೆಂದರೆ ಸಂಜೆಯೊಳಗೆ ಪದ್ಮಲತಾ ಡಾಕ್ಟ್ರ ಟಿಪ್ಪಣಿ ಬರುತ್ತಿತ್ತು.

ಪದ್ಮಲತಾ ದೊಡ್ಡ ಡಾಕ್ಟ್ರೇನಲ್ಲ. ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಎಂಬಷ್ಟೇ ಅಕ್ಷರ. ಓದು ಮುಗಿಸಿ ಬಂದವರು ಇದೇ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟ್ರಾಗಿ ಸೇರಿ, ತಲೆ ನೆರೆಯುವವರೆಗೂ ಡ್ಯೂಟಿ ಡಾಕ್ಟ್ರಾಗಿಯೇ ಉಳಿದರು. ವೇಣೂರು ಕಡೆಯ ಜೈನರ ಮನೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಅದಕ್ಕಾಗಿ ಸಂಜೆ ವಾರ್ಡಿನ ಮೂಲೆಯಲ್ಲಿ ಸ್ಟೀಲ್ ಡಬ್ಬಿ ತೆರೆದು ಗಡಿಬಿಡಿಯಲ್ಲಿ ಉಣ್ಣುವುದನ್ನು ನಾವು ನೋಡಿ ನಗಾಡುತ್ತಿದ್ದೆವು. ಮಾತಿನಲ್ಲಿ ಜಿಪುಣಿ. ಅವರ ಗಂಡ ಒಮ್ಮೆ ನನ್ನಲ್ಲಿ ಹೇಳಿದ್ದರು, "ಇವಳು ಮನೆಯಲ್ಲಿಯೂ ಟಿಪ್ಪಣಿಯೇ ಸಿಸ್ಟರ್, ವಾಕ್ಯ ಮಾತಾಡುವುದಿಲ್ಲ."

ಟಿಪ್ಪಣಿಯ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಸಭೆಗೆ ಬರಲಾಗದವರು, ರಾತ್ರಿ ಪಾಳಿಯವರು, ಮೂಡಬಿದಿರೆಯ ಕ್ಲಿನಿಕ್ಕಿಗೆ ಹೋದವರು, ರಜೆಯವರು ಎಲ್ಲರೂ ಮರುದಿನ ಬಂದು "ನಿನ್ನೆ ಏನು ಹೇಳಿದ್ದು?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಇಡೀ ಸ್ಲೈಡಿನ ಕಟ್ಟನ್ನೇ ವಾಟ್ಸಾಪಿಗೆ ಹಾಕಿದರೆ ಯಾರೂ ತೆರೆಯುತ್ತಿರಲಿಲ್ಲ. ಹೆಬ್ಬೆರಳಿನ ಗುರುತು ಹಾಕಿ ಸುಮ್ಮನಾಗುತ್ತಿದ್ದರು. ಇದನ್ನು ನೋಡಿ ಬೇಸತ್ತು ಪದ್ಮಲತಾ ಡಾಕ್ಟ್ರು ಅರ್ಧ ಪುಟದಲ್ಲಿ ಬರೆಯಲು ಶುರು ಮಾಡಿದರು. ಒಂದು ಪ್ರತಿ ಗುಂಪಿಗೆ, ಒಂದು ಪ್ರತಿ ನನ್ನ ಮೇಜಿನ ಗಾಜಿನ ಕೆಳಗೆ.

ಆ ಅರ್ಧ ಪುಟದ ಹಿಂದೆ ಎಷ್ಟು ಕೆಲಸವಿತ್ತು ಎಂದು ನಾನು ಬಲ್ಲೆ. ಒಮ್ಮೆ ಕಿರಿಯ ಡಾಕ್ಟ್ರು ರಂಜಿತ್ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಾಗ ಅವರು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ.

"ಪುಸ್ತಕದಲ್ಲಿ ಸಿಗುವ ಸ್ಲೈಡು ಮೊದಲು ಬಿಡುವ. ರೋಗದ ಇತಿಹಾಸ, ಪ್ರಪಂಚದ ಭೂಪಟ, ಕೊನೆಯ ಗುಲಾಬಿ ಹೂ."

"ಗುಲಾಬಿ ನಾನೇ ಹಾಕಿದ್ದು ಮೇಡಂ."

"ಗೊತ್ತುಂಟು. ಮತ್ತೆ ಉಳಿದ ಪ್ರತಿ ಸ್ಲೈಡಿಗೂ ಕೇಳಬೇಕು: ಸಭೆಗೆ ಬಾರದವನು ಇದನ್ನು ಓದಿದರೆ ಇವತ್ತು ರೋಗಿಯ ಹತ್ತಿರ ಹೋಗಿ ಬೇರೆ ಏನಾದರೂ ಮಾಡ್ತಾನಾ? ಮಾಡುವುದಿಲ್ಲವಾದರೆ ಅದು ಬೇಡ. ಇನ್ನೊಂದು. ಸಭೆಯಲ್ಲಿ 'ಇರಬಹುದು' ಅಂದದ್ದು ಕಾಗದದಲ್ಲಿ 'ಇದೆ' ಆಗಬಾರದು. ಚಿಕ್ಕದು ಮಾಡುವಾಗ ಮೊದಲು ಸಾಯುವುದು ಆ 'ಬಹುದು'."

ಇಂಥವರ ಕೈಯಿಂದಲೇ ಆ ತಪ್ಪು ಆಯಿತು. ಟಿಪ್ಪಣಿಯಲ್ಲಲ್ಲ, ಅದಕ್ಕಿಂತ ಮೊದಲೇ, ರೋಗಿಯ ಹಾಸಿಗೆಯ ಪಕ್ಕದಲ್ಲಿ.

ಆ ಅಕ್ಟೋಬರಿನಲ್ಲಿ ನಾನು ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬಂಟ್ವಾಳಕ್ಕೆ ಹೋಗಿ ಒಂದು ವಾರ ರಜೆಯಲ್ಲಿದ್ದೆ. ಆ ವಾರದಲ್ಲಿ ಕಕ್ಕಿಂಜೆಯಿಂದ ರುಕ್ಮಯ್ಯ ಗೌಡ್ರು ಎಂಬವರು ಜ್ವರದಲ್ಲಿ ಬಂದು ದಾಖಲಾಗಿ, ನಾಲ್ಕನೆಯ ದಿನ ತೀರಿಕೊಂಡರು. ನಾನು ಆ ಮನುಷ್ಯನನ್ನು ಜೀವಂತ ನೋಡಿದವಳೇ ಅಲ್ಲ. ಆದರೆ ಪದ್ಮಲತಾ ಡಾಕ್ಟ್ರ ಬಾಯಲ್ಲಿ ಕೇಳಿ ಕೇಳಿ ಈಗ ನನಗೂ ಅವರ ಮುಖ ಗೊತ್ತಿದೆ ಎನಿಸುತ್ತದೆ. ಐವತ್ತೆಂಟು ವರ್ಷ, ಗಟ್ಟಿ ಆಳು, ಗುಡ್ಡೆಯ ಗೇರುತೋಟದಲ್ಲಿ ಕಾಡು ಸವರುವ ಕೆಲಸಕ್ಕೆ ಹೋಗಿ ಬಂದು ಮಲಗಿದವರು. ಜ್ವರ, ತಲೆನೋವು, ಕಣ್ಣಿನಲ್ಲಿ ಸ್ವಲ್ಪ ಹಳದಿ, ಕಿಡ್ನಿಯ ಲೆಕ್ಕ ಏರಿತ್ತು.

ನಮ್ಮ ಕಡೆ ಮಳೆ ಬಿಟ್ಟ ಮೇಲೆ ಬರುವ ಇಂಥ ಜ್ವರಕ್ಕೆ ಎರಡು ಮುಖ್ಯ ಅನುಮಾನ. ಒಂದು ಇಲಿಜ್ವರ, ಲೆಪ್ಟೋ ಎನ್ನುತ್ತೇವೆ. ಇನ್ನೊಂದು ಸ್ಕ್ರಬ್ ಟೈಫಸ್; ಹುಲ್ಲು ಪೊದೆಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವುದು. ಹುಳ ಕಚ್ಚಿದ ಜಾಗದಲ್ಲಿ ಕೆಲವರಿಗೆ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಏಳುತ್ತದೆ. ಅದಕ್ಕೆ ಡಾಕ್ಟರರ ಭಾಷೆಯಲ್ಲಿ ಎಸ್ಕಾರ್. ನೋವಿಲ್ಲ, ತುರಿಕೆಯಿಲ್ಲ, ಕಂಕುಳು, ತೊಡೆಸಂದಿ, ಬೆನ್ನಿನಂಥ ಮರೆಯಲ್ಲೇ ಇರುತ್ತದೆ. ಅದು ಕಂಡರೆ ಮತ್ತೆ ಅನುಮಾನವಿಲ್ಲ, ಡಾಕ್ಸಿಸೈಕ್ಲಿನ್ ಶುರು ಮಾಡಬೇಕು. ಲೆಪ್ಟೋಗೆ ಕೊಡುವ ಇಂಜೆಕ್ಷನ್ ಸ್ಕ್ರಬ್ಬಿಗೆ ನಾಟುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ದಾಖಲಾದ ದಿನ ರುಕ್ಮಯ್ಯ ಗೌಡ್ರನ್ನು ಪರೀಕ್ಷಿಸಿದ್ದು ಪದ್ಮಲತಾ ಡಾಕ್ಟ್ರು. ಎಲ್ಲಿಯೂ ಅವಸರ ಮಾಡುವವರಲ್ಲ. ತುಳುವಿನಲ್ಲಿ ಮಾತಾಡಿಸಿ, ಅಂಗಿ ತೆಗೆಸಿ, ಕೈ ಎತ್ತಲು ಹೇಳಿದರು. ಎಡಗಂಕುಳಿನ ಕೆಳಗೆ, ಪಕ್ಕೆಲುಬಿನ ಹತ್ತಿರ, ಗಂಧ ಮೆತ್ತಿತ್ತು. ದೈವದ ಗಂಧಪ್ರಸಾದ. ಒಣಗಿ ಹೆಪ್ಪುಗಟ್ಟಿತ್ತು. ಜ್ವರ ಬಂದಾಗ ಮನೆಯವರು ದೈವಸ್ಥಾನಕ್ಕೆ ಹೋಗಿ ಪ್ರಾರ್ಥಿಸಿ, ಗಂಧ ತಂದು ಹಚ್ಚಿ, ಮತ್ತೆ ಆಸ್ಪತ್ರೆಗೆ ಕರೆತರುವುದು ಇಲ್ಲಿ ದಿನವೂ ನಡೆಯುವುದೇ. ಹಣೆಯಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಗಂಧ ಹಾಕಿಕೊಂಡು ಬರುತ್ತಾರೆ. ಅದನ್ನು ನಾವ್ಯಾರೂ ಒರೆಸುವುದಿಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ. ಡಾಕ್ಟ್ರಾಗಲಿ ನರ್ಸಾಗಲಿ ಇದೇ ಮಣ್ಣಿನವರು. ಜೈನರ ಮನೆಯಾದರೂ ಪದ್ಮಲತಾ ಡಾಕ್ಟ್ರ ಮನೆಯಲ್ಲಿಯೂ ದೈವಕ್ಕೆ ಪ್ರತಿವರ್ಷ ಸೇವೆ ನಡೆಯುತ್ತದೆ. ಹೊರಗಿನಿಂದ ಬಂದ ಡಾಕ್ಟ್ರಾಗಿದ್ದರೆ ಸ್ಪಿರಿಟಿನ ಹತ್ತಿ ತೆಗೆದು ಉಜ್ಜಿ ನೋಡುತ್ತಿದ್ದರೋ ಏನೋ. ಇವರ ಬೆರಳು ಗಂಧದ ಅಂಚಿನವರೆಗೆ ಹೋಗಿ, ಸುತ್ತು ಬಳಸಿ, ಆಚೆ ಬದಿಗೆ ದಾಟಿತು. ಕೇಸ್ ಶೀಟಿನಲ್ಲಿ ಎಸ್ಕಾರ್ ಎಂಬಲ್ಲಿ 'ಇಲ್ಲ' ಎಂದು ಬರೆದರು.

ಮುಂದಿನದು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದ ಕಥೆ. ಲೆಪ್ಟೋದ ಕಾರ್ಡ್ ಪರೀಕ್ಷೆಯಲ್ಲಿ ಒಂದು ಮಸುಕಾದ ಗೆರೆ ಬಂತು. ಗೆರೆ ಅತ್ತ, 'ಇಲ್ಲ' ಇತ್ತ. ಎರಡೂ ಸೇರಿ ಲೆಪ್ಟೋ ಎಂದೇ ಎಲ್ಲರ ಮನಸ್ಸು ವಾಲಿತು. ಸ್ಕ್ರಬ್ ಪರೀಕ್ಷೆಗೆ ರಕ್ತವನ್ನು ಮಂಗಳೂರಿಗೆ ಕಳುಹಿಸಿದರು, ವರದಿ ಬರಲು ತಡ. ರೋಗಿಗೆ ವಾಂತಿ ಬೇರೆ ಇತ್ತು, ಮಾತ್ರೆ ನಿಲ್ಲುವುದಿಲ್ಲವೆಂದು ಡಾಕ್ಸಿಯನ್ನು ಮುಂದೆ ಹಾಕಿದರು. ಶ್ವಾಸಕೋಶ ಕೈಕೊಟ್ಟ ದಿನ ಅದನ್ನೂ ಸೇರಿಸಿದರು. ಹೊತ್ತು ಮೀರಿತ್ತು.

ನಾನು ರಜೆ ಮುಗಿಸಿ ಬಂದದ್ದು ಗುರುವಾರ ಬೆಳಿಗ್ಗೆ. ಅವತ್ತಿನ ಸಭೆ ಇದೇ ಕೇಸಿನದ್ದು. ಮಧ್ಯಾಹ್ನ ಎಲ್ಲರೂ ಸಭೆಗೆಂದು ಮಹಡಿಗೆ ಹೋದ ಮೇಲೆ ಎಮರ್ಜೆನ್ಸಿಯಿಂದ ನನ್ನ ವಾರ್ಡಿಗೆ ಒಬ್ಬ ಯುವಕನನ್ನು ಕಳುಹಿಸಿದರು. ಹೆಸರು ಲತೇಶ್, ಊರು ಕಕ್ಕಿಂಜೆ. ಮೂರು ದಿನದ ಜ್ವರ. ಎಲ್ಲಿ ಕೆಲಸ ಎಂದು ಕೇಳಿದೆ.

"ಕಾಡು ಸವರಲಿಕ್ಕೆ ಹೋಗಿದ್ದೆ ಸಿಸ್ಟರ್. ಗುಡ್ಡೆಗೆ. ನಮ್ಮ ನೆರೆಮನೆಯ ರುಕ್ಮಯ್ಯಣ್ಣನ ಒಟ್ಟಿಗೆ." ಮತ್ತೆ, "ಅವರು ಇಲ್ಲಿಯೇ ಅಲ್ಲವಾ ಹೋದದ್ದು?" ಎಂದು ತಾನು ಮಲಗಬೇಕಾದ ಹಾಸಿಗೆಯ ಕಡೆ ನೋಡಿದ.

ಅವನ ಕಾಗದದಲ್ಲಿಯೂ 'ಲೆಪ್ಟೋ ಇರಬಹುದು' ಎಂದು ಬರೆದು ಅದೇ ಇಂಜೆಕ್ಷನ್ ಹಾಕಿದ್ದರು. ಆ ಇಂಜೆಕ್ಷನಿನಲ್ಲಿ ರುಕ್ಮಯ್ಯ ಗೌಡ್ರು ಉಳಿಯಲಿಲ್ಲವೆಂದು ನಾನು ಬೆಳಿಗ್ಗೆಯೇ ಕೇಳಿದ್ದೆ. ಇವನು ದಾಖಲಾದದ್ದು ಶಶಿರಾಜ್ ಡಾಕ್ಟ್ರ ಹೆಸರಿನಲ್ಲಿ; ಸಂಜೆಯಿಂದ ಬೆಳಗಿನವರೆಗೆ ನೋಡಿ ಮದ್ದು ಬರೆಯಬೇಕಾದವರು ಅವರೇ. ಅವರು ಗುರುವಾರ ಮೂಡಬಿದಿರೆಯ ಕ್ಲಿನಿಕ್ಕಿನಲ್ಲಿರುತ್ತಾರೆ, ಸಭೆಗೆ ಬರುವುದೇ ಇಲ್ಲ. ಅವರು ಓದುವುದು ಪದ್ಮಲತಾ ಡಾಕ್ಟ್ರ ಟಿಪ್ಪಣಿ ಒಂದನ್ನೇ.

ಸಭೆ ಮುಗಿದು ಪದ್ಮಲತಾ ಡಾಕ್ಟ್ರು ಕೆಳಗೆ ಬಂದರು. ನೇರ ವಾಶ್‌ಬೇಸಿನ್ನಿಗೆ ಹೋಗಿ ಬಲಗೈಯ ತೋರುಬೆರಳನ್ನು ಸೋಪು ಹಾಕಿ ತಿಕ್ಕಿ ತೊಳೆದರು. ಒರೆಸಿಕೊಂಡು ಮೂಗಿನ ಹತ್ತಿರ ಹಿಡಿದು ನೋಡಿ ಮತ್ತೊಮ್ಮೆ ತೊಳೆದರು.

"ಏನಾಯ್ತು ಡಾಕ್ಟ್ರೇ?"

"ಗಂಧದ ವಾಸನೆ ಹೋಗುವುದಿಲ್ಲ ಕಾಂತಿ."

ನನಗೆ ಸೋಪಿನ ವಾಸನೆ ಮಾತ್ರ ಬರುತ್ತಿತ್ತು. ಹಾಗೆಂದು ಹೇಳಿದೆ. ಅವರು ನನ್ನ ಮೇಜಿನ ಕಂಪ್ಯೂಟರಿನಲ್ಲಿ ರಂಜಿತ್‌ನ ಸ್ಲೈಡುಗಳನ್ನು ತೆರೆದರು. ನಲವತ್ತನಾಲ್ಕು ಇದ್ದವು. ಮೊದಲ ಹತ್ತನ್ನು ಯಾವಾಗಿನ ಹಾಗೆ ಬಿಟ್ಟರು. ಹತ್ತೊಂಬತ್ತನೆಯದಕ್ಕೆ ಬಂದು ನಿಂತರು. ಪರೀಕ್ಷೆಯ ವಿವರಗಳ ಸ್ಲೈಡು. ಕಣ್ಣಿನ ಹಳದಿ: ಇದೆ. ಮೈಮೇಲೆ ದದ್ದು: ಇಲ್ಲ. ಎಸ್ಕಾರ್: ಇಲ್ಲ. ಪಕ್ಕದಲ್ಲಿ ಕೇಸ್ ಶೀಟಿನ ಫೋಟೋ, ಅವರದೇ ಕೈಬರಹ.

"ಇದನ್ನು ಓದುವಾಗಲೆಲ್ಲ ಅವರು ಕೈ ಎತ್ತುತ್ತಾರೆ" ಎಂದರು.

"ಯಾರು?"

"ರುಕ್ಮಯ್ಯ ಗೌಡ್ರು. ನಾನು ಎತ್ತಿ ಅಂದೆನಲ್ಲ, ಹಾಗೆ. ಸೋಮವಾರದಿಂದ ಹೀಗೆಯೇ. ಮನೆಯಲ್ಲಿ ದೀಪ ಹಚ್ಚುವಾಗ, ಕಾರಿನಲ್ಲಿ, ಈಗ ಮೇಲೆ ಪರದೆಯ ಹತ್ತಿರ ನಿಂತು. ಬೈಯುವುದಿಲ್ಲ, ಕೇಳುವುದಿಲ್ಲ. ಹೇಳಿದ ಮಾತು ಕೇಳುವವರ ಹಾಗೆ ಕೈ ಎತ್ತಿ ನಿಲ್ಲುತ್ತಾರೆ. ನಾನು ನೋಡಿ ಮುಗಿಸುವವರೆಗೆ ಇಳಿಸುವುದಿಲ್ಲ."

ಅಂಥ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಹೆದರುವವಳಲ್ಲ, ಎಷ್ಟೋ ಹೆಣಗಳನ್ನು ಕಟ್ಟಿದ್ದೇನೆ. ಆದರೆ ಆ ಹಗಲು ಹೊತ್ತಿನಲ್ಲಿ, ಎಲ್ಲ ಹಾಸಿಗೆಯಲ್ಲಿ ಜನವಿರುವ ವಾರ್ಡಿನಲ್ಲಿ, ನನಗೆ ಬೆನ್ನಿನ ಹಿಂದೆ ತಿರುಗಿ ನೋಡಬೇಕೆನಿಸಿತು, ತಿರುಗಲು ಧೈರ್ಯ ಬರಲಿಲ್ಲ.

ಆಮೇಲೆ ಗಂಧದ ವಿಷಯವನ್ನೆಲ್ಲ ಹೇಳಿದರು. ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಬಾಯಿ ತೆರೆದೆ. ಅಷ್ಟರಲ್ಲಿ ಸ್ಲೈಡು ಮುಂದೆ ಹೋಯಿತು" ಎಂದರು. ಅದು ಪೂರ್ತಿ ಸತ್ಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತು ಜನರ ಎದುರು, ತಾನು ಕಲಿಸಿದ ಮಕ್ಕಳ ಎದುರು, ಸುಲಭವಲ್ಲ. ಲತೇಶ್ ಬಂದಿರುವುದನ್ನು ನಾನು ಆಗ ತಿಳಿಸಿದೆ. ಅವರು ಎದ್ದು ಹೋಗಿ ಅವನ ಹಾಸಿಗೆಯ ಪಕ್ಕ ನಿಂತು ನಾಡಿ ಹಿಡಿದು ನೋಡಿ ಬಂದು ಬರೆಯಲು ಕುಳಿತರು.

ಅಷ್ಟರಲ್ಲಿ ಕಮಲಾಕ್ಷ ಸರ್ ರೌಂಡ್ಸಿಗೆ ಬಂದರು. ನಮ್ಮ ಹಿರಿಯ ಫಿಸಿಶಿಯನ್ ಅವರೇ. ಒಳ್ಳೆಯ ಡಾಕ್ಟ್ರು, ಆದರೆ ಮಾತಾಡುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕಂಪ್ಯೂಟರಿನತ್ತ ಬಗ್ಗಿ, "ಇವತ್ತಿನದ್ದು ಸುಲಭ ಅಲ್ಲವಾ?" ಎಂದರು. "ಲೆಪ್ಟೋ ಸಂಭವ, ಅಂಗಾಂಗ ವೈಫಲ್ಯ, ಎಸ್ಕಾರ್ ಇಲ್ಲ, ಸ್ಕ್ರಬ್ ವರದಿ ಬಾಕಿ. ನಾಲ್ಕು ಗೆರೆ ಸಾಕು."

"ಎಸ್ಕಾರ್ ಇಲ್ಲ ಅಂತ ನಾನು ಬರೆಯುವ ಹಾಗಿಲ್ಲ ಸರ್."

"ಯಾಕೆ? ಪರೀಕ್ಷೆ ಮಾಡಿದ್ದು ನೀವೇ ಅಲ್ಲವಾ?"

ಪದ್ಮಲತಾ ಡಾಕ್ಟ್ರು ಗಂಧದ ವಿಷಯ ಹೇಳಿದರು. ಕಮಲಾಕ್ಷ ಸರ್ ಕನ್ನಡಕ ತೆಗೆದು ಕಿಸೆಗೆ ಹಾಕಿ, ಮತ್ತೆ ತೆಗೆದು ಹಾಕಿಕೊಂಡರು. ಗಂಧದ ಕೆಳಗೆ ಏನಾದರೂ ಇತ್ತೋ ಎಂದು ಕೇಳಿದರು. ಗೊತ್ತಿಲ್ಲ ಎಂದರು ಇವರು.

"ಗೊತ್ತಿಲ್ಲದ್ದನ್ನು ಬರೆದು ಏನು ಪ್ರಯೋಜನ ಪದ್ಮಲತಾ? ಗಂಧ ಒರೆಸಿದರೂ ಚರ್ಮ ನುಣ್ಣಗೆ ಇದ್ದಿರಬಹುದು. ಟಿಪ್ಪಣಿಯಲ್ಲಿ ಸಭೆ ಏನು ಹೇಳಿತೋ ಅದು ಬರಬೇಕು. ಸಭೆಯಲ್ಲಿ ಇದು ಬರಲೇ ಇಲ್ಲ. ವಾಟ್ಸಾಪಿನಲ್ಲಿ ಹೋಗುವ ಕಾಗದ ಇದು, ಎಲ್ಲಿಗೆಲ್ಲ ಹೋಗ್ತದೋ."

ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ನಡೆಯದ ಚರ್ಚೆಯನ್ನು ನಡೆಯಿತೆಂದು ಬರೆಯುವುದೂ ಸುಳ್ಳೇ. ಪದ್ಮಲತಾ ಡಾಕ್ಟ್ರು ತುಸು ಯೋಚಿಸಿ ಹೇಳಿದರು:

"ಸಭೆಯ ಮಾತು ಬೇರೆ, ನನ್ನ ಮಾತು ಬೇರೆ ಮಾಡಿ ಬರೆಯುತ್ತೇನೆ. ರೋಗಿಯ ಹೆಸರು ಹಾಕುವುದಿಲ್ಲ."

"ನಿಮ್ಮ ಹೆಸರು?"

"ಅದು ಹಾಕ್ತೇನೆ. ಕೇಸ್ ಶೀಟಿನಲ್ಲಿಯೂ ಇವತ್ತಿನ ತಾರೀಕು, ಹೊತ್ತು ಹಾಕಿ ಸೇರಿಸಿ ಸೈನ್ ಮಾಡ್ತೇನೆ. ಹಳೆಯದನ್ನು ಹೊಡೆದುಹಾಕುವುದಿಲ್ಲ."

"ಮನೆಯವರು ನಾಳೆ ಬಂದು ಕೇಳಿದರೆ ನಾನೇನು ಹೇಳಲಿ?"

"ನನ್ನಲ್ಲಿಗೆ ಕಳುಹಿಸಿ ಸರ್." ಇಷ್ಟು ಹೇಳಿ ಅವರು ಲತೇಶ್‌ನ ಹಾಸಿಗೆಯ ಕಡೆ ನೋಡಿದರು. "ಆ ಹುಡುಗ ಅದೇ ಗುಡ್ಡೆಯಿಂದ ಬಂದಿದ್ದಾನೆ. ಶಶಿರಾಜ್ ಇನ್ನು ಸ್ವಲ್ಪ ಹೊತ್ತಿನಲ್ಲಿ ಬರ್ತಾರೆ. ನಾನು 'ಇಲ್ಲ' ಅಂತ ಬರೆದರೆ ಅವರು ನನ್ನ ಮಾತು ನಂಬ್ತಾರೆ. ನನ್ನ ಟಿಪ್ಪಣಿ ಎಲ್ಲರೂ ನಂಬ್ತಾರೆ. ಅದೇ ಕಷ್ಟ."

ಕಮಲಾಕ್ಷ ಸರ್ ಹಾಸಿಗೆಯ ಹತ್ತಿರ ಹೋಗಿ ಲತೇಶ್‌ನ ಕಾಗದ ಓದಿದರು. ಹಿಂದೆ ಬಂದು, "ಬರೆಯಿರಿ" ಎಂದರು. "ಡಾಕ್ಸಿಯ ವಿಷಯ ಎಲ್ಲಕ್ಕಿಂತ ಮೇಲೆ ಬರಲಿ. ನಾನು ಹೇಳಿದ್ದು ಅಂತ ಹಾಕಿ."

ಬರೆಯಲು ಪದ್ಮಲತಾ ಡಾಕ್ಟ್ರಿಗೆ ಬಹಳ ಹೊತ್ತು ಹಿಡಿಯಿತು. ಮೊದಲು ಬರೆದದ್ದು ಎರಡು ಪುಟವಾಯಿತು. ಗಂಧ ಯಾಕೆ ಒರೆಸಲಿಲ್ಲ, ಬೆಳಕು ಹೇಗಿತ್ತು, ಮನಸ್ಸಿನಲ್ಲಿ ಏನಿತ್ತು. ನಾನು ಓದಿ, "ಡಾಕ್ಟ್ರೇ, ಇದು ಶಶಿರಾಜ್ ಡಾಕ್ಟ್ರಿಗೆ ಬರೆದದ್ದಲ್ಲ, ರುಕ್ಮಯ್ಯ ಗೌಡ್ರಿಗೆ ಬರೆದದ್ದು" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ನನಗೆ ಹಾಗೆಯೇ ಕಂಡಿತ್ತು. ಅವರು ನನ್ನನ್ನು ದುರುಗುಟ್ಟಿ ನೋಡಿ ಪೂರ್ತಿ ಅಳಿಸಿದರು. ಕೊನೆಗೆ ಉಳಿದದ್ದು ಹೀಗೆ. ಇಂಗ್ಲಿಷಿನಲ್ಲಿತ್ತು, ನಮ್ಮ ಮಾತಿನಲ್ಲಿ ಹೇಳುತ್ತೇನೆ:

"ಇವತ್ತು ಮಾಡಬೇಕಾದ್ದು: ಗುಡ್ಡೆ, ಪೊದೆ, ಹುಲ್ಲಿನಲ್ಲಿ ಕೆಲಸ ಮಾಡಿ ಜ್ವರದಿಂದ ಬಂದವರಿಗೆ ವರದಿ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿ. ವಾಂತಿ ಇದ್ದರೆ ಅಜಿತ್ರೋಮೈಸಿನ್ ಡ್ರಿಪ್. ಲೆಪ್ಟೋ ಇಂಜೆಕ್ಷನ್ ಜೊತೆಗೆ ಇರಲಿ. (ಡಾ. ಕಮಲಾಕ್ಷ)

ಕೇಸು: ಐವತ್ತೆಂಟರ ಗಂಡಸು, ಕಾಡು ಸವರುವ ಕೆಲಸ, ಜ್ವರ, ಕಾಮಾಲೆ, ಕಿಡ್ನಿ, ನಂತರ ಶ್ವಾಸಕೋಶ. ನಾಲ್ಕನೆಯ ದಿನ ಮರಣ. ಡಾಕ್ಸಿ ಸೇರಿಸಿದ್ದು ಕೊನೆಯ ದಿನ.

ಸಭೆಯ ಅಭಿಪ್ರಾಯ: ಲೆಪ್ಟೋ ಇರಬಹುದು. ಖಚಿತವಿಲ್ಲ. ಕಾರ್ಡಿನ ಗೆರೆ ಮಸುಕು.

ಬಾಕಿ: ಸ್ಕ್ರಬ್ ವರದಿ, ಮಂಗಳೂರು. ವಿಚಾರಿಸುವವರು ಡಾ. ರಂಜಿತ್.

ಸಭೆಯಲ್ಲಿ ಬಾರದ್ದು: ಸ್ಲೈಡಿನಲ್ಲಿ 'ಎಸ್ಕಾರ್ ಇಲ್ಲ' ಎಂದಿದೆ. ಅದು ಸರಿಯಲ್ಲ. ಎಡಗಂಕುಳಿನ ಕೆಳಗೆ ಗಂಧ ಇತ್ತು, ನಾನು ಒರೆಸಿ ನೋಡಿಲ್ಲ. ಇತ್ತೋ ಇಲ್ಲವೋ ಗೊತ್ತಿಲ್ಲ. ಇನ್ನು ಮುಂದೆ ಮನೆಯವರಲ್ಲಿ ಕೇಳಿ, ಒರೆಸಿ, ನೋಡಿ. ಎಸ್ಕಾರ್ ಕಾಣದಿದ್ದರೂ ಸ್ಕ್ರಬ್ ಇರಬಹುದು. (ಪದ್ಮಲತಾ)

ಉಸಿರಿನ ವೇಗ ಏರಿದರೆ, ಆಕ್ಸಿಜನ್ ಇಳಿದರೆ ಯಾವ ಹೊತ್ತಾದರೂ ಡಾ. ಕಮಲಾಕ್ಷರಿಗೆ ಫೋನ್."

ಅರ್ಧ ಪುಟ. ಗುಂಪಿಗೆ ಕಳುಹಿಸುವ ಗುಂಡಿ ಒತ್ತಿದರು. ಒತ್ತಿ ಆದ ಮೇಲೆ ನೋಡಿದರೆ ಹೊರಗೆ ಕತ್ತಲಾಗಿತ್ತು. ಸ್ಟೀಲ್ ಡಬ್ಬಿಯನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡರು. ಆ ದಿನ ಅವರು ಉಪವಾಸ.

ಶಶಿರಾಜ್ ಡಾಕ್ಟ್ರು ಬಂದವರು ನನ್ನ ಮೇಜಿನ ಹತ್ತಿರ ನಿಂತೇ ಓದಿದರು. ಎರಡು ಸಲ ಓದಿದರು. ತಮಾಷೆಯ ಮನುಷ್ಯ, ಆ ದಿನ ತಮಾಷೆ ಮಾಡಲಿಲ್ಲ. "ಪರದೆ ಎಳೆಯಿರಿ ಸಿಸ್ಟರ್, ದೊಡ್ಡ ಲೈಟ್ ತನ್ನಿ" ಎಂದರು. ಲತೇಶ್‌ನನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ಸೊಂಟದ ನೂಲನ್ನು ಸರಿಸಿ ನೋಡಿದರು. ಕಿವಿಯ ಹಿಂದೆ, ಬೆರಳಿನ ಸಂದಿ ಸಹ. ಏನೂ ಇರಲಿಲ್ಲ. ಕೇಸ್ ಶೀಟಿನಲ್ಲಿ 'ಪೂರ್ತಿ ಮೈ ನೋಡಿದೆ, ಎಸ್ಕಾರ್ ಕಾಣಲಿಲ್ಲ' ಎಂದು ಬರೆದು, ಡಾಕ್ಸಿ ಬರೆದರು. ಮೊದಲ ಮಾತ್ರೆಯನ್ನು ನಾನೇ ನುಂಗಿಸಿದೆ.

ಶನಿವಾರದ ಹೊತ್ತಿಗೆ ಹುಡುಗನ ಜ್ವರ ಬಿಟ್ಟಿತು. ಗಂಜಿ ಬೇಡ, ಮೀನು ಸಾರು ಬೇಕು ಎಂದು ತಕರಾರು ತೆಗೆದ. ಅದೇ ದಿನ ರಂಜಿತ್ ಫೋನು ಹಿಡಿದು ಓಡಿ ಬಂದರು. ರುಕ್ಮಯ್ಯ ಗೌಡ್ರ ರಕ್ತದಲ್ಲಿ ಸ್ಕ್ರಬ್ ಪಾಸಿಟಿವ್. ಪದ್ಮಲತಾ ಡಾಕ್ಟ್ರು ಆ ವರದಿಯನ್ನು ಕೇಸ್ ಶೀಟಿಗೆ ಅಂಟಿಸಿ, ಗುಂಪಿಗೆ ಒಂದೇ ಗೆರೆ ಹಾಕಿದರು. ಯಾರೂ ಅವರನ್ನು ಏನೂ ಅನ್ನಲಿಲ್ಲ. ನನಗಂತೂ ಅವರ ಮೇಲೆ ಸಿಟ್ಟು ಬಂತು, ಕನಿಕರ ಬಂತು, ಹೆಮ್ಮೆಯೂ ಬಂತು. ಮೂರೂ ಒಟ್ಟಿಗೆ ಬಂದರೆ ಏನು ಮಾಡುವುದು, ಸುಮ್ಮನೆ ಚಹಾ ತಂದುಕೊಟ್ಟೆ.

"ಹುಡುಗ ಉಳಿದನಲ್ಲ ಡಾಕ್ಟ್ರೇ. ಇನ್ನಾದರೂ ರುಕ್ಮಯ್ಯ ಗೌಡ್ರು ಕೈ ಇಳಿಸಿಯಾರು" ಎಂದೆ.

"ಇಲ್ಲ" ಎಂದರು.

ಮುಂದಿನ ಬುಧವಾರ ನೀಲಾವತಿಯಕ್ಕ ಬಂದರು, ರುಕ್ಮಯ್ಯ ಗೌಡ್ರ ಹೆಂಡತಿ. ಆಸ್ಪತ್ರೆಯ ಕಾಗದಪತ್ರಕ್ಕಾಗಿ ಬಂದದ್ದು. ಸಣ್ಣ ದೇಹದ ಹೆಂಗಸು, ಹಣೆ ಬೋಳು. ಗಂಡನಿಗೆ ಏನು ಕಾಯಿಲೆ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ, ಸರಿಯಾಗಿ ಹೇಳಿ ಎಂದು ಆಫೀಸಿನಲ್ಲಿ ಕೇಳಿದರಂತೆ. ಕಮಲಾಕ್ಷ ಸರ್ ಮಾತಿನಂತೆ ಅವರನ್ನು ನಮ್ಮ ವಾರ್ಡಿಗೆ ಕಳುಹಿಸಿದರು. ನಾನು ಎದ್ದು ಹೋಗಲು ನೋಡಿದೆ. "ನೀವು ಇರಿ ಕಾಂತಿ" ಎಂದರು ಪದ್ಮಲತಾ ಡಾಕ್ಟ್ರು.

ಮಾತಾಡಿದ್ದೆಲ್ಲ ತುಳುವಿನಲ್ಲಿ. ಅಲ್ಲಿಯೂ ಅವರದು ಟಿಪ್ಪಣಿಯೇ. ಹುಲ್ಲಿನ ಹುಳ ಕಚ್ಚಿ ಬರುವ ಜ್ವರ. ಅದಕ್ಕೆ ಮದ್ದು ಉಂಟು. ನಾವು ಬೇರೆ ಜ್ವರ ಎಂದು ತಿಳಿದೆವು, ಮದ್ದು ತಡವಾಯಿತು. ಕೆಲವರಿಗೆ ಹುಳ ಕಚ್ಚಿದಲ್ಲಿ ಕಪ್ಪು ಹಕ್ಕಳೆ ಇರುತ್ತದೆ, ಅದು ಸಿಕ್ಕಿದ್ದರೆ ಬೇಗ ತಿಳಿಯುತ್ತಿತ್ತು.

ನೀಲಾವತಿಯಕ್ಕ ಕೇಳುತ್ತಾ ಕುಳಿತವರು ಮೆಲ್ಲಗೆ ತಮ್ಮ ಎಡಗೈಯನ್ನು ಎತ್ತಿದರು. ಬಲಗೈಯ ಬೆರಳನ್ನು ಕಂಕುಳಿನ ಕೆಳಗೆ ಪಕ್ಕೆಲುಬಿನ ಮೇಲೆ ಇಟ್ಟರು.

"ಇಲ್ಲಿ ಇತ್ತು" ಎಂದರು. "ಕಪ್ಪು. ಸುಟ್ಟ ಹಾಗೆ. ನೋವಿಲ್ಲ ಅಂತ ಹೇಳಿದರು. ನನಗೆ ಹೆದರಿಕೆಯಾಯಿತು. ಅದಕ್ಕೇ ಗಂಧ ತಂದು ಅದರ ಮೇಲೆಯೇ ಹಚ್ಚಿದ್ದು. ದಿನವೂ ಹಚ್ಚುತ್ತಿದ್ದೆ." ಬೆರಳನ್ನು ಅಲ್ಲಿಂದ ತೆಗೆಯದೆಯೇ, "ಹಾಗಾದರೆ ಮುಚ್ಚಿದ್ದು ನಾನೇ" ಎಂದರು.

ನನ್ನ ಕಣ್ಣು ಪದ್ಮಲತಾ ಡಾಕ್ಟ್ರ ಮೇಲಿತ್ತು. ಆ ಎತ್ತಿದ ಕೈಯನ್ನು ನೋಡಿ ಅವರ ತುಟಿಯ ಬಣ್ಣವೇ ಹೋಗಿತ್ತು. ಆದರೆ ದನಿ ಹೋಗಲಿಲ್ಲ.

"ಅಲ್ಲ ಅಕ್ಕ. ಗಂಧ ಹಚ್ಚುವುದು ನಿಮ್ಮ ಕೆಲಸ, ಹಚ್ಚಿದಿರಿ. ಒರೆಸಿ ನೋಡುವುದು ನನ್ನ ಕೆಲಸ. ನಾನು ನೋಡಲಿಲ್ಲ. ದೈವದ ಪ್ರಸಾದ ಅಂತ ಬಿಟ್ಟೆ. ಬಿಟ್ಟು, ಇಲ್ಲ ಅಂತ ಬರೆದೆ."

ನೀಲಾವತಿಯಕ್ಕ ಅವರ ಮುಖವನ್ನೇ ನೋಡಿದರು. ಬೈಯುತ್ತಾರೆ, ಕೂಗುತ್ತಾರೆ, ಊರಿಗೆ ಫೋನು ಮಾಡುತ್ತಾರೆ ಎಂದು ನಾನು ಕಾದೆ.

"ಒರೆಸಿದ್ದರೆ ಉಳಿಯುತ್ತಿದ್ದರಾ?"

ನನಗೆ ಗೊತ್ತಿತ್ತು, ಇಲ್ಲಿ ಒಂದು ಸಣ್ಣ ಸುಳ್ಳು ಹೇಳಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ. ವಿಧಿ, ಆಯುಸ್ಸು, ದೇವರ ಇಚ್ಛೆ ಎಂದು ನಾವೆಲ್ಲ ದಿನವೂ ಹೇಳುವುದಿಲ್ಲವೇ?

"ಉಳಿಯಬಹುದಿತ್ತು" ಎಂದರು ಪದ್ಮಲತಾ ಡಾಕ್ಟ್ರು. "ಖಂಡಿತ ಅಂತ ಹೇಳಲಿಕ್ಕೆ ನನಗೆ ಗೊತ್ತಿಲ್ಲ. ಆದರೆ ಉಳಿಯಬಹುದಿತ್ತು."

ಹೊರಗೆ ಟ್ರಾಲಿ ಉರುಳುವ ಸದ್ದು. ನೀಲಾವತಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಗದಪತ್ರ ಮಡಚಿ ಚೀಲದೊಳಗೆ ಇಟ್ಟು ಎದ್ದರು. ಬಾಗಿಲಿನ ತನಕ ಹೋಗಿ ನಿಂತು, ತಿರುಗದೆಯೇ ಹೇಳಿದರು:

"ಇನ್ನು ಯಾರಾದರೂ ಗಂಧ ಹಚ್ಚಿಕೊಂಡು ಬಂದರೆ ಒರೆಸಿ ಡಾಕ್ಟ್ರೇ. ಕೇಳುತ್ತಾ ಕೂರಬೇಡಿ. ದೈವಕ್ಕೆ ನಾನು ಹೇಳಿಕೊಳ್ತೇನೆ."